ಸಹೋದ್ಯೋಗಿಗಳ ಕಾರ್‌ಪೂಲ್: ತಿಂಗಳ ತಲಾ ಪಾಲು ಹಾಕಲು ಯಾವ ಲೆಕ್ಕ ಸರಿ?

ನಾಲ್ವರು ಸೇರಿ ಒಂದೇ ಕಾರಿನಲ್ಲಿ ಆಫೀಸಿಗೆ ಹೋಗಿಬರುವ ಕಡೆ ಸಾಮಾನ್ಯವಾಗಿ ನಡೆಯುವುದು ಒಂದೇ ಲೆಕ್ಕ. ಪೆಟ್ರೋಲ್ ಬಿಲ್ಲನ್ನು ನಾಲ್ಕರಿಂದ ಭಾಗಿಸಿದರೆ ಮುಗಿಯಿತು. ಮೊದಲ ಕೆಲವು ತಿಂಗಳು ಯಾರಿಗೂ ತಕರಾರು ಇರುವುದಿಲ್ಲ. ಟೈರು ಬದಲಿಸುವ ದಿನ ಬಂದಾಗ ಕಾರಿನವರಿಗೆ ಕೈ ಬಿಗಿಯಾಗುತ್ತದೆ. ಆಗ ಅವರು ಕೇಳಿದರೆ ಉಳಿದವರಿಗೆ ಅದು ಎಲ್ಲಿಂದಲೋ ಬಂದ ಹೊಸ ಬೇಡಿಕೆಯಂತೆ ಕಾಣುತ್ತದೆ. ಕೇಳದಿದ್ದರೆ ಮನಸ್ಸಿನಲ್ಲೇ ಉಳಿಯುತ್ತದೆ. ಹೀಗೆ ಮುರಿದುಬೀಳುವ ಗುಂಪುಗಳಲ್ಲಿ ಯಾರೂ ಜಿಪುಣರಲ್ಲ. ಮೊದಲ ದಿನವೇ ಸವೆತದ ಪಾಲನ್ನು ಲೆಕ್ಕಕ್ಕೆ ತಾರದೆ ಹೋದದ್ದಷ್ಟೇ ತಪ್ಪು.

ತಿಂಗಳ ಖರ್ಚನ್ನು ಹಂಚಲು ಇರುವ ದಾರಿಗಳನ್ನು ಇಲ್ಲಿ ಒಂದೇ ಉದಾಹರಣೆಯ ಮೇಲೆ ಹೋಲಿಸಿ ನೋಡೋಣ. ದರಗಳೆಲ್ಲ ಲೆಕ್ಕ ಸುಲಭವಾಗಲೆಂದು ಹಿಡಿದವು. ನಿಮ್ಮ ಅಂಕಿಗಳನ್ನು ಅದೇ ಜಾಗದಲ್ಲಿ ಕೂರಿಸಿದರೆ ಆಯಿತು.

ಕಾರು ‘ಕ’ ಅವರದು. ‘ಖ’, ‘ಗ’, ‘ಘ’ ಜೊತೆಗೆ ಬರುವವರು. ‘ಕ’ ಮನೆಯಿಂದ ಆಫೀಸಿಗೆ ನೇರ ದಾರಿ 28 ಕಿ.ಮೀ. ಮೂವರನ್ನು ಹತ್ತಿಸಿಕೊಳ್ಳಲು ಸುತ್ತುವುದರಿಂದ ಅದು 30 ಆಗುತ್ತದೆ. ಹೋಗಿಬರಲು 60, ತಿಂಗಳಿಗೆ 22 ದಿನ, ಒಟ್ಟು 1,320 ಕಿ.ಮೀ. ‘ಕ’ ಮತ್ತು ‘ಖ’ ಒಂದು ದಿನವೂ ತಪ್ಪಿಸುವುದಿಲ್ಲ. ‘ಗ’ 20 ದಿನ ಬರುತ್ತಾರೆ. ‘ಘ’ ವಾರದಲ್ಲಿ ಎರಡು ದಿನ ಮನೆಯಿಂದಲೇ ಕೆಲಸ ಮಾಡುವವರು, ಈ ತಿಂಗಳು 12 ದಿನ ಮಾತ್ರ ಬಂದಿದ್ದಾರೆ.

ಪೆಟ್ರೋಲ್: ಮೈಲೇಜ್ ಅಳೆಯದೆ ಭಾಗಿಸಬೇಡಿ

ಪೆಟ್ರೋಲ್ ಲೆಕ್ಕ ಸುಲಭ ಎಂದುಕೊಳ್ಳುವವರು ಎಡವುವುದು ಮೈಲೇಜಿನಲ್ಲಿ. ಕಂಪನಿ ಹೇಳುವ ಮೈಲೇಜ್ ಪರೀಕ್ಷಾ ಕೇಂದ್ರದಲ್ಲಿ ಬಂದದ್ದು. ನಾಲ್ವರು ಕೂತು, ಎ.ಸಿ. ಹಾಕಿಕೊಂಡು, ಸಿಗ್ನಲ್‌ಗಳಲ್ಲಿ ನಿಂತು ನಿಂತು ಹೋಗುವ ಕಾರಿಗೆ ಅದು ಸಿಗುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಕಾಣುವ ಸರಾಸರಿಯೂ ಎಷ್ಟೋ ಕಾರುಗಳಲ್ಲಿ ನಿಜಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ.

ನಂಬಬಹುದಾದ ದಾರಿ ಹಳೆಯದೇ: ಟ್ಯಾಂಕ್ ತುಂಬಿಸಿ ಮತ್ತೆ ತುಂಬಿಸುವುದು. ಬಂಕಿನಲ್ಲಿ ನಳಿಕೆ ತಾನಾಗಿ ಮೊದಲ ಸಲ ಕಟ್ ಆಗುವವರೆಗೆ ಹಾಕಿಸಿ, ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ. ಮುಂದಿನ ಸಲ ಅದೇ ಬಂಕಿನಲ್ಲಿ, ಸಾಧ್ಯವಾದರೆ ಅದೇ ಪಂಪಿನಲ್ಲಿ, ಮತ್ತೆ ಮೊದಲ ಕಟ್‌ವರೆಗೆ ತುಂಬಿಸಿ. ಓಡಿದ ಕಿಲೋಮೀಟರನ್ನು ಈ ಸಲ ಹಿಡಿದ ಲೀಟರಿನಿಂದ ಭಾಗಿಸಿದರೆ ಬರುವುದೇ ಮೈಲೇಜ್. ಕಟ್ ಆದ ಮೇಲೂ ‘ರೌಂಡ್ ಫಿಗರ್ ಮಾಡಿ’ ಎಂದು ಇನ್ನೊಂದಿಷ್ಟು ಹಾಕಿಸಿಕೊಂಡರೆ ಒಂದೆರಡು ಲೀಟರ್ ವ್ಯತ್ಯಾಸ ಬಂದು ಲೆಕ್ಕ ಕೆಡುತ್ತದೆ. ಒಂದು ಸಲದ ಅಳತೆ ಸಾಲದು. ಮೂರು ನಾಲ್ಕು ಸಲದ ಕಿಲೋಮೀಟರುಗಳನ್ನೆಲ್ಲ ಕೂಡಿಸಿ, ಲೀಟರುಗಳನ್ನೆಲ್ಲ ಕೂಡಿಸಿ, ಆಮೇಲೆ ಭಾಗಿಸಿ. ಆ ದಿನಗಳಲ್ಲಿ ರಜೆಯ ಓಡಾಟ ಕಡಿಮೆ ಇದ್ದಷ್ಟೂ ಒಳ್ಳೆಯದು. ಹೆದ್ದಾರಿಯ ಒಂದು ದೂರದ ಪ್ರಯಾಣ ಸೇರಿಕೊಂಡರೂ ಸರಾಸರಿ ಏರಿಬಿಡುತ್ತದೆ.

ನಮ್ಮ ಉದಾಹರಣೆಯ ಕಾರಿಗೆ ಹೀಗೆ ಅಳೆದಾಗ ಲೀಟರಿಗೆ 15 ಕಿ.ಮೀ. ಬಂತು ಎಂದಿಟ್ಟುಕೊಳ್ಳಿ. 1,320 ಕಿ.ಮೀ.ಗೆ 88 ಲೀಟರ್. ಲೀಟರಿಗೆ 100 ರೂಪಾಯಿಯಂತೆ 8,800 ರೂಪಾಯಿ. ಕಂಪನಿ ಹೇಳಿದ 20 ಕಿ.ಮೀ. ಹಿಡಿದಿದ್ದರೆ 66 ಲೀಟರ್ ಮಾತ್ರ ಆಗುತ್ತಿತ್ತು. ಉಳಿದ 22 ಲೀಟರಿನ 2,200 ರೂಪಾಯಿ ಯಾರ ಗಮನಕ್ಕೂ ಬಾರದೆ ‘ಕ’ ಅವರ ಜೇಬಿನಿಂದ ಹೋಗುತ್ತಿತ್ತು.

ಕಾರನ್ನು ಮನೆಯ ಕೆಲಸಕ್ಕೂ ಬಳಸುವುದರಿಂದ ಬಂಕಿನ ಬಿಲ್ಲುಗಳನ್ನು ಹಾಗೇ ಕೂಡಿಸಿ ಹಂಚಬೇಡಿ. ಅದರಲ್ಲಿ ಭಾನುವಾರದ ಪೆಟ್ರೋಲೂ ಸೇರಿರುತ್ತದೆ. ಪೂಲ್ ಓಡಿದ ಕಿಲೋಮೀಟರ್, ಅಳೆದ ಮೈಲೇಜ್, ಆ ತಿಂಗಳ ದರ, ಈ ಮೂರರಿಂದಲೇ ಲೆಕ್ಕ ಹಾಕಿ. ಹೆಚ್ಚು ಜನ ಕೂತರೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ ಎಂಬ ಮಾತು ನಿಜವೇ, ಆದರೆ ಒಬ್ಬರ ತೂಕದಿಂದ ಆಗುವ ವ್ಯತ್ಯಾಸ ಬಹಳ ಸಣ್ಣದು. ಅವರನ್ನು ಹತ್ತಿಸಿಕೊಳ್ಳಲು ಸುತ್ತುವ ದಾರಿಗೆ ಅದಕ್ಕಿಂತ ಹೆಚ್ಚು ಸುಡುತ್ತದೆ. ವಿದ್ಯುತ್ ಕಾರಾದರೆ ಬ್ಯಾಟರಿ ತೋರಿಸುವ ಯೂನಿಟ್ ಬೇಡ, ಗೋಡೆಯ ಮೀಟರಿನಲ್ಲಿ ದಾಖಲಾದ ಯೂನಿಟ್ ಹಿಡಿಯಿರಿ. ಚಾರ್ಜ್ ಆಗುವಾಗ ನಷ್ಟವಾಗುವ ವಿದ್ಯುತ್ತಿಗೂ ನೀವು ಹಣ ಕಟ್ಟಿರುತ್ತೀರಿ.

ಟೋಲ್ ಮತ್ತು ಪಾರ್ಕಿಂಗ್: ಪಾಸ್ ಯಾವಾಗ ಲಾಭ?

ಇವೆರಡೂ ರಸೀದಿಯಲ್ಲೇ ಸಿಗುವ ಖರ್ಚುಗಳು, ಜಗಳಕ್ಕೆ ಜಾಗ ಕಡಿಮೆ. ನೋಡಬೇಕಾದದ್ದು ತಿಂಗಳ ಪಾಸ್ ಎಷ್ಟು ದಿನಕ್ಕೆ ಗಿಟ್ಟುತ್ತದೆ ಎಂಬುದನ್ನು. ಪಾಸಿನ ದರವನ್ನು ದಿನದ ದರದಿಂದ ಭಾಗಿಸಿ.

ಟೋಲಿಗೆ ಹೋಗಿಬರಲು ದಿನಕ್ಕೆ 75, ಪಾಸಿಗೆ 1,500 ಎಂದಾದರೆ 20ನೇ ದಿನಕ್ಕೆ ಸರಿಸಮ, ಅಲ್ಲಿಂದಾಚೆ ಲಾಭ. ಪಾರ್ಕಿಂಗಿಗೆ ದಿನಕ್ಕೆ 120, ತಿಂಗಳಿಗೆ 2,000 ಎಂದಾದರೆ 17ನೇ ದಿನವೇ ಗಿಟ್ಟುತ್ತದೆ. 22 ದಿನ ಓಡುವ ತಿಂಗಳಲ್ಲಿ ಎರಡೂ ಪಾಸ್ ತಗೊಳ್ಳುವುದೇ ಸರಿ, ಒಟ್ಟು 3,500. ರಜೆಗಳು ಒಟ್ಟಿಗೆ ಬಂದು 15 ದಿನವಷ್ಟೇ ಓಡುವ ತಿಂಗಳಲ್ಲಿ ಎರಡೂ ಬೇಡ. ಆಗ ದಿನದ ದರದಲ್ಲೇ 1,125 ಮತ್ತು 1,800 ಆಗಿ 2,925ಕ್ಕೆ ಮುಗಿಯುತ್ತದೆ. ರೂಢಿಯಂತೆ ಪ್ರತಿ ತಿಂಗಳೂ ಪಾಸ್ ಹಾಕಿಸುವವರು ಇಂಥ ತಿಂಗಳಲ್ಲಿ ಸುಮ್ಮನೆ ಹಣ ಕಳೆದುಕೊಳ್ಳುತ್ತಾರೆ. ಮುಂದಿನ ತಿಂಗಳ ರಜೆಗಳನ್ನು ಎಣಿಸಿದ ಮೇಲೆಯೇ ಪಾಸ್ ತೀರ್ಮಾನಿಸಿ.

ಪಾಸು ಸಾಮಾನ್ಯವಾಗಿ ಒಂದು ವಾಹನ ಸಂಖ್ಯೆಗೆ ಕಟ್ಟಿರುತ್ತದೆ ಎಂಬುದನ್ನು ಮರೆಯಬೇಡಿ. ಸರದಿಯ ಮೇಲೆ ಬೇರೆ ಬೇರೆ ಕಾರು ತರುವ ಗುಂಪಿಗೆ ಇದರಿಂದ ಪೆಟ್ಟು ಬೀಳುತ್ತದೆ, ಅದನ್ನು ಮುಂದೆ ನೋಡೋಣ.

ಸವೆತ: ಕಾಣದ ಖರ್ಚು, ಹೆಚ್ಚು ಜಗಳ

ಸವೆತಕ್ಕೆ ರಸೀದಿ ಇಲ್ಲ. ಹಾಗಾಗಿ ಒಂದೋ ಪೂರ್ತಿ ಬಿಟ್ಟುಬಿಡುತ್ತಾರೆ, ಇಲ್ಲವೇ ಕಾರಿನ ವಿಮೆ, ಸಾಲದ ಕಂತು ಎಲ್ಲವನ್ನೂ ಸೇರಿಸಿ ಜೊತೆಯವರನ್ನು ಬೆಚ್ಚಿಬೀಳಿಸುತ್ತಾರೆ. ಎರಡೂ ಸರಿಯಲ್ಲ. ಒಂದು ಖರ್ಚು ಪಾಲಿಗೆ ಬರಬೇಕೇ ಬೇಡವೇ ಎಂದು ತಿಳಿಯಲು ಒಂದೇ ಪ್ರಶ್ನೆ ಸಾಕು: ಪೂಲ್ ನಿಂತರೆ ಈ ಖರ್ಚು ನಿಲ್ಲುತ್ತದೆಯೇ? ಕಾರು ಮನೆ ಮುಂದೆ ನಿಂತಿದ್ದರೂ ವಿಮೆ ಕಟ್ಟಬೇಕು, ತೆರಿಗೆ ಕಟ್ಟಬೇಕು, ಕಂತು ಕಟ್ಟಬೇಕು, ವರ್ಷ ಕಳೆದ ಹಾಗೆ ಕಾರಿನ ಬೆಲೆ ಇಳಿಯುತ್ತದೆ. ಇವು ಮಾಲೀಕರವು. ಕಿಲೋಮೀಟರ್ ಓಡಿದಷ್ಟೂ ಕರಗುವಂಥದ್ದು ಎಲ್ಲರದು.

ಹಾಗೆ ಕರಗುವುದನ್ನು ಕಿ.ಮೀ. ಒಂದಕ್ಕೆ ಎಷ್ಟು ಎಂದು ಬರೆದಿಡಿ. ಭಾಗ ಬದಲಿಸಲು ಬೀಳುವ ಹಣವನ್ನು, ಅದು ಎಷ್ಟು ಕಿಲೋಮೀಟರ್ ಬಾಳುತ್ತದೋ ಅದರಿಂದ ಭಾಗಿಸಬೇಕು, ಅಷ್ಟೇ. ನಾಲ್ಕು ಟೈರಿಗೆ 24,000, ಬಾಳಿಕೆ 40,000 ಕಿ.ಮೀ. ಎಂದರೆ 60 ಪೈಸೆ. ಆಯಿಲ್, ಫಿಲ್ಟರ್ ಸೇರಿದ ಸರ್ವೀಸ್ ಪ್ರತಿ 10,000 ಕಿ.ಮೀ.ಗೆ 6,000 ಎಂದರೆ ಮತ್ತೆ 60 ಪೈಸೆ. ಚಕ್ರಗಳ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ 10 ಪೈಸೆ. ಬ್ರೇಕ್ ಪ್ಯಾಡ್ 40,000 ಕಿ.ಮೀ.ಗೆ 4,000, ಅದು 10 ಪೈಸೆ. ಕ್ಲಚ್ 80,000ಕ್ಕೆ 12,000, ಅದು 15 ಪೈಸೆ. ಸಸ್ಪೆನ್ಷನ್ನಿನ ಬುಷ್, ಶಾಕ್ ಅಬ್ಸಾರ್ಬರ್ ಮುಂತಾದವು 80,000ಕ್ಕೆ 16,000, ಅದು 20 ಪೈಸೆ. ಎಲ್ಲ ಸೇರಿ ಕಿ.ಮೀ.ಗೆ 1 ರೂಪಾಯಿ 75 ಪೈಸೆ.

ಟೈರಿನ ಬಾಳಿಕೆಯನ್ನು ಊಹೆಯ ಮೇಲೆ ಬರೆಯಬೇಕಿಲ್ಲ, ಅಳೆಯಬಹುದು. ಟೈರಿನ ಕಚ್ಚಿನ ಆಳ ಅಳೆಯುವ ಚಿಕ್ಕ ಗೇಜ್ ಸಿಗುತ್ತದೆ. ಹೊಸದರಲ್ಲಿ 8 ಮಿ.ಮೀ. ಇತ್ತು, 2 ಮಿ.ಮೀ. ಆದಾಗ ಬದಲಿಸುತ್ತೀರಿ ಎಂದರೆ ಬಳಸಲು ಸಿಗುವುದು 6 ಮಿ.ಮೀ. 10,000 ಕಿ.ಮೀ. ಓಡಿದ ಮೇಲೆ ಅಳೆದಾಗ ಒಂದೂವರೆ ಮಿ.ಮೀ. ಹೋಗಿದ್ದರೆ ಬಾಳಿಕೆ 40,000. ಎರಡು ಮಿ.ಮೀ. ಹೋಗಿದ್ದರೆ 30,000 ಮಾತ್ರ, ಆಗ ಟೈರಿನ ಪಾಲು 80 ಪೈಸೆಗೆ ಏರುತ್ತದೆ. ಒಂದೇ ಟೈರಿನ ಒಳ ಅಂಚು ಹೊರ ಅಂಚಿಗಿಂತ ಬೇಗ ತೇದಿದ್ದರೆ ತಪ್ಪು ಅಲೈನ್‌ಮೆಂಟಿನದು. ಅದನ್ನು ಮೊದಲು ಸರಿಪಡಿಸಿ ಆಮೇಲೆ ಬಾಳಿಕೆ ಲೆಕ್ಕ ಹಾಕಿ. ಇಲ್ಲವಾದರೆ ರಿಪೇರಿ ಮಾಡಿಸದ ತಪ್ಪಿಗೆ ಜೊತೆಯವರು ಹಣ ಕಟ್ಟಿದಂತಾಗುತ್ತದೆ.

ಇನ್ನೊಂದು ತುಂಡು ಉಳಿಯಿತು: ಮೀಟರ್ ಓಡಿದ್ದರಿಂದ ಇಳಿಯುವ ಮರುಮಾರಾಟದ ಬೆಲೆ. ವರ್ಷ ಕಳೆದು ಇಳಿಯುವುದನ್ನು ಇದರಿಂದ ಬಿಡಿಸಿ ನೋಡಬೇಕು. ಅದೇ ಮಾದರಿ, ಅದೇ ವರ್ಷ, ಅದೇ ಸ್ಥಿತಿಯ ಎರಡು ಹಳೆ ಕಾರುಗಳ ಬೆಲೆಯನ್ನು ವಿಚಾರಿಸಿ, ಒಂದು ಕಡಿಮೆ ಓಡಿದ್ದು, ಇನ್ನೊಂದು ಹೆಚ್ಚು ಓಡಿದ್ದು. ಮೀಟರಿನಲ್ಲಿ 30,000 ಕಿ.ಮೀ. ವ್ಯತ್ಯಾಸಕ್ಕೆ ಬೆಲೆಯಲ್ಲಿ 45,000 ವ್ಯತ್ಯಾಸ ಕಂಡರೆ ಕಿ.ಮೀ.ಗೆ ಒಂದೂವರೆ ರೂಪಾಯಿ. ಒಂದೇ ಜೋಡಿ ನೋಡಿ ತೀರ್ಮಾನಿಸಬೇಡಿ, ನಾಲ್ಕೈದು ಜೋಡಿ ನೋಡಿ ನಡುವಿನದನ್ನು ಹಿಡಿಯಿರಿ.

ಎರಡೂ ಸೇರಿ ಸವೆತ ಕಿ.ಮೀ.ಗೆ 3 ರೂಪಾಯಿ 25 ಪೈಸೆ. 1,320 ಕಿ.ಮೀ.ಗೆ 4,290 ರೂಪಾಯಿ. ಇದು ಪೆಟ್ರೋಲ್ ಖರ್ಚಿನ ಅರ್ಧದಷ್ಟಿದೆ. ಬಿಟ್ಟುಬಿಡುವಷ್ಟು ಸಣ್ಣ ಮೊತ್ತವಲ್ಲ. ಮರುಮಾರಾಟದ ಭಾಗ ಬೇಡ, ಭಾಗಗಳ ಸವೆತವಷ್ಟೇ ಕೊಡುತ್ತೇವೆ ಎಂದು ಗುಂಪು ಒಪ್ಪಿಕೊಂಡರೆ 2,310 ಆಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಹೊಸ ಕಾರಿಗೆ ಎರಡನ್ನೂ ಹಿಡಿಯುವುದೇ ನ್ಯಾಯ, ಏಕೆಂದರೆ ಅದರ ಬೆಲೆ ಮೀಟರ್ ನೋಡಿ ಇಳಿಯುತ್ತದೆ. ಹತ್ತು ಹನ್ನೆರಡು ವರ್ಷ ಹಳೆಯ ಕಾರಿಗೆ ಭಾಗಗಳ ಸವೆತ ಸಾಕು. ಅದರ ಬೆಲೆಯಲ್ಲಿ ಇನ್ನು ಇಳಿಯಲು ಹೆಚ್ಚೇನೂ ಉಳಿದಿರುವುದಿಲ್ಲ.

ಹೀಗೆ ತಿಂಗಳ ಒಟ್ಟು: ಪೆಟ್ರೋಲ್ 8,800, ಟೋಲ್ 1,500, ಪಾರ್ಕಿಂಗ್ 2,000, ಸವೆತ 4,290. ಕೂಡಿದರೆ 16,590 ರೂಪಾಯಿ.

ಹಂಚುವ ಐದು ದಾರಿಗಳು

ಇದೇ 16,590ನ್ನು ಬೇರೆ ಬೇರೆ ರೀತಿಯಲ್ಲಿ ಹಂಚಿದರೆ ಯಾರ ತಲೆಗೆ ಎಷ್ಟು ಬೀಳುತ್ತದೆ ಎಂಬುದು ಕೆಳಗಿದೆ. ಪೈಸೆಗಳನ್ನು ಹತ್ತಿರದ ರೂಪಾಯಿಗೆ ತಂದಿದೆ. ಮೊದಲ ಎರಡು ಸಾಲುಗಳಲ್ಲಿ ಹಂಚದೆ ಬಿಟ್ಟದ್ದೆಲ್ಲ ‘ಕ’ ಮೇಲೆ ಕೂತಿದೆ.

| ಹಂಚುವ ರೀತಿ | ಕ (ಕಾರಿನವರು) | ಖ | ಗ | ಘ |
|---|---|---|---|---|
| ಪೆಟ್ರೋಲ್ ಮಾತ್ರ, ಸಮಪಾಲು | 9,990 | 2,200 | 2,200 | 2,200 |
| ಪೆಟ್ರೋಲ್, ಟೋಲ್, ಪಾರ್ಕಿಂಗ್, ಸಮಪಾಲು | 7,365 | 3,075 | 3,075 | 3,075 |
| ಸವೆತವೂ ಸೇರಿ, ಸಮಪಾಲು | 4,148 | 4,148 | 4,148 | 4,148 |
| ಎಲ್ಲವೂ ಟ್ರಿಪ್ ಲೆಕ್ಕದಲ್ಲಿ | 4,802 | 4,802 | 4,366 | 2,619 |
| ಪಾಸ್ ಸಮಪಾಲು, ಉಳಿದದ್ದು ಟ್ರಿಪ್ ಲೆಕ್ಕದಲ್ಲಿ | 4,664 | 4,664 | 4,320 | 2,942 |

ಮೊದಲ ಸಾಲು ಇಷ್ಟು ದಿನ ನಡೆದುಕೊಂಡು ಬರುವುದು ಹೇಗೆ ಎಂಬುದಕ್ಕೂ ಅಂಕಿಯಲ್ಲೇ ಉತ್ತರವಿದೆ. ‘ಕ’ ಒಬ್ಬರೇ ಹೋಗಿಬಂದಿದ್ದರೆ ಸುತ್ತು ಇಲ್ಲದೆ 1,232 ಕಿ.ಮೀ. ಓಡುತ್ತಿತ್ತು. ಪೆಟ್ರೋಲ್, ಸವೆತ ಸೇರಿ ಸುಮಾರು 12,217, ಪಾಸುಗಳ 3,500, ಒಟ್ಟು 15,717. ಪೆಟ್ರೋಲ್ ಮಾತ್ರ ಹಂಚಿದರೂ ಅವರಿಗೆ ಬೀಳುವುದು 9,990, ಅಂದರೆ ಉಳಿತಾಯ ಕಾಣುತ್ತಲೇ ಇರುತ್ತದೆ. ಹಾಗಾಗಿ ಸೋರುತ್ತಿರುವುದು ಗೊತ್ತಾಗುವುದಿಲ್ಲ. ಎರಡನೆಯ ಸಾಲಿನಲ್ಲೂ ಸವೆತದಲ್ಲಿ ಮೂವರ ಪಾಲಾದ 3,217 ರೂಪಾಯಿ 50 ಪೈಸೆಯನ್ನು ಪ್ರತಿ ತಿಂಗಳೂ ‘ಕ’ ಹೊರುತ್ತಿದ್ದಾರೆ. ವರ್ಷಕ್ಕೆ 38,610. ನಾಲ್ಕು ಹೊಸ ಟೈರು ಹಾಕಿಸಿ, ಎರಡು ಸರ್ವೀಸ್ ಮಾಡಿಸಿದ ಮೇಲೂ ಉಳಿಯುವಷ್ಟು ಹಣ ಅದು.

ಮೂರನೆಯದು, ಎಲ್ಲ ಸೇರಿಸಿ ಸಮಪಾಲು, ನಾಲ್ವರೂ ಹೆಚ್ಚುಕಡಿಮೆ ಒಂದೇ ಸಮನೆ ಬರುವ ಗುಂಪಿಗೆ ಎಲ್ಲಕ್ಕಿಂತ ಒಳ್ಳೆಯದು. ಹಾಜರಿ ಬರೆಯುವ ತಾಪತ್ರಯವೇ ಇಲ್ಲ. ಆದರೆ ಇಲ್ಲಿ ‘ಘ’ 12 ದಿನಕ್ಕೆ 4,148 ಕೊಟ್ಟಂತಾಗುತ್ತದೆ, ಎರಡು ತಿಂಗಳಲ್ಲಿ ಅವರು ಗುಂಪು ಬಿಡುತ್ತಾರೆ.

ನಾಲ್ಕನೆಯದು ಅದಕ್ಕೆ ಮದ್ದಿನಂತೆ ಕಾಣುತ್ತದೆ. ಹೋಗುವುದು ಒಂದು, ಬರುವುದು ಒಂದು ಎಂದು ಟ್ರಿಪ್ ಎಣಿಸಿ. ‘ಕ’ 44, ‘ಖ’ 44, ‘ಗ’ 40, ‘ಘ’ 24, ಒಟ್ಟು 152. ಬೆಳಿಗ್ಗೆ ಜೊತೆಗೆ ಬಂದು ಸಂಜೆ ಕೆಲಸ ತಡವಾಗಿ ಬೇರೆ ದಾರಿಯಲ್ಲಿ ಮನೆಗೆ ಹೋದರೆ ಆ ದಿನ ಒಂದೇ ಟ್ರಿಪ್. ದಿನ ಎಣಿಸುವುದಕ್ಕಿಂತ ಟ್ರಿಪ್ ಎಣಿಸುವುದು ಮೇಲು ಎನ್ನುವುದು ಇದಕ್ಕೇ. ಆದರೆ ಒಂದು ಕೊರತೆ ಇದೆ. ‘ಘ’ ಬರಲಿ ಬಿಡಲಿ, ಪಾರ್ಕಿಂಗ್ ಪಾಸು ತಿಂಗಳ ಮೊದಲೇ ಕಟ್ಟಿ ಆಗಿದೆ, ಅವರ ಸೀಟನ್ನು ಬೇರೆ ಯಾರಿಗೂ ಕೊಟ್ಟಿಲ್ಲ. ಅವರು ಬಾರದ ದಿನಗಳ ಪಾಸಿನ ಹಣ ಉಳಿದ ಮೂವರ ಮೇಲೆ ಬೀಳುತ್ತದೆ.

ಐದನೆಯದು ಈ ಎರಡನ್ನೂ ಬೇರೆ ಮಾಡುತ್ತದೆ. ಓಡಿದರೂ ಓಡದಿದ್ದರೂ ಬೀಳುವ ಪಾಸುಗಳ 3,500ನ್ನು ನಾಲ್ಕರಿಂದ ಭಾಗಿಸಿ ತಲಾ 875. ಓಡಿದರೆ ಮಾತ್ರ ಬೀಳುವ ಪೆಟ್ರೋಲ್ ಮತ್ತು ಸವೆತದ 13,090ನ್ನು 152 ಟ್ರಿಪ್‌ಗಳಿಂದ ಭಾಗಿಸಿದರೆ ಟ್ರಿಪ್ಪಿಗೆ 86 ರೂಪಾಯಿ 12 ಪೈಸೆ. ‘ಘ’ ಅವರ 24 ಟ್ರಿಪ್ಪಿಗೆ 2,067, ಅದಕ್ಕೆ 875 ಸೇರಿ 2,942. ಹಾಜರಿ ಏರುಪೇರಾಗುವ ಗುಂಪಿಗೆ ನಾವು ಹೇಳುವುದು ಇದನ್ನೇ. ಇದರಿಂದ ‘ಘ’ ಅವರಿಗೂ ತಮ್ಮ ತೀರ್ಮಾನ ಮಾಡಲು ಒಂದು ಅಂಕಿ ಸಿಗುತ್ತದೆ: ಅವರಿಗೆ ಟ್ರಿಪ್ಪಿಗೆ ಬೀಳುವುದು ಸುಮಾರು 123 ರೂಪಾಯಿ. ಬಸ್ಸಿನಲ್ಲೋ ರೈಲಿನಲ್ಲೋ ಒಂದು ಕಡೆಯ ಪ್ರಯಾಣಕ್ಕೆ ಎಷ್ಟಾಗುತ್ತದೆ ಎಂದು ಅದರ ಪಕ್ಕದಲ್ಲಿಟ್ಟು ನೋಡಬಹುದು.

ಅರ್ಧ ದಾರಿಯಲ್ಲಿ ಹತ್ತುವವರು ಇದ್ದರೆ ಟ್ರಿಪ್ಪಿನ ಬದಲು ಕಿಲೋಮೀಟರ್ ಎಣಿಸಬಹುದೇ? ಎಣಿಸಬಹುದು, ಪ್ರತಿಯೊಬ್ಬರ ಟ್ರಿಪ್ಪನ್ನು ಅವರು ಕೂತು ಬರುವ ದೂರದಿಂದ ಗುಣಿಸಿ ಅದೇ ರೀತಿ ಭಾಗಿಸಿದರಾಯಿತು. 30ರಲ್ಲಿ 27 ಕಿ.ಮೀ. ಬರುವವರಿಗೆ ಇದನ್ನು ಮಾಡುವ ಅಗತ್ಯವಿಲ್ಲ. 15 ಕಿ.ಮೀ. ಮಾತ್ರ ಬರುವವರಿದ್ದರೆ ಮಾಡಲೇಬೇಕು.

ದೂರದ ಮಾತು ಬಂದಾಗ ಸುತ್ತಿನ ಬಗ್ಗೆ ಹೇಳಲೇಬೇಕು. ಪೆಟ್ರೋಲ್ ಕಿ.ಮೀ.ಗೆ 6 ರೂಪಾಯಿ 67 ಪೈಸೆ, ಸವೆತ 3 ರೂಪಾಯಿ 25 ಪೈಸೆ, ಒಟ್ಟು 9 ರೂಪಾಯಿ 92 ಪೈಸೆ. ಹತ್ತಿಸಿಕೊಳ್ಳಲು ಸುತ್ತುವ 2 ಕಿ.ಮೀ. ಎಂದರೆ 44 ಟ್ರಿಪ್ಪಿಗೆ 88 ಕಿ.ಮೀ., ಅದಕ್ಕೆ ತಿಂಗಳಿಗೆ 873 ರೂಪಾಯಿ. ಮೂವರೂ ಮುಖ್ಯರಸ್ತೆಗೆ ನಡೆದುಬಂದು ನಿಂತರೆ ಇದು ಪೂರ್ತಿ ಉಳಿಯುತ್ತದೆ. ಒಬ್ಬರಿಗಾಗಿ ಮಾತ್ರ ಸುತ್ತುವುದಾದರೆ ಆ ಹಣವನ್ನು ಅವರ ಪಾಲಿಗೇ ಹಾಕುವುದು ಸರಿ.

ಸರದಿಯ ಮೇಲೆ ಅವರವರ ಕಾರು ತಂದರೆ?

ಇದರಲ್ಲಿ ಹಣ ಕೈ ಬದಲಾಗುವುದಿಲ್ಲ. ಪೆಟ್ರೋಲೂ ಸವೆತವೂ ಅವರವರ ಸರದಿಯಲ್ಲೇ ತೀರಿಹೋಗುತ್ತವೆ. ನಾಲ್ವರ ಬಳಿಯೂ ಕಾರಿದ್ದು, ಎಲ್ಲರೂ ಓಡಿಸಲು ಒಪ್ಪಿದರೆ ಇದು ಬಹಳ ನೆಮ್ಮದಿಯ ಏರ್ಪಾಡು. ಆದರೆ ಒಟ್ಟು ಖರ್ಚು ಇದರಲ್ಲಿ ಸ್ವಲ್ಪ ಹೆಚ್ಚು. ನಾಲ್ಕು ಕಾರಿಗೆ ಪಾಸ್ ಹಾಕಿಸಲು ಆಗದು, ದಿನದ ದರವೇ ಗತಿ. 22 ದಿನಕ್ಕೆ ಟೋಲ್ 1,650, ಪಾರ್ಕಿಂಗ್ 2,640, ಒಟ್ಟು 4,290. ಪಾಸಿನ 3,500ಕ್ಕಿಂತ 790 ಹೆಚ್ಚು, ತಲೆಗೆ ಸುಮಾರು 198.

ಕಾರುಗಳು ಒಂದೇ ತೂಕದವಲ್ಲದಿದ್ದರೆ ಇನ್ನೊಂದು ಅನ್ಯಾಯ. ಒಬ್ಬರ ಕಾರು ಲೀಟರಿಗೆ 11 ಕಿ.ಮೀ. ಮಾತ್ರ ಕೊಡುತ್ತದೆ, ಸವೆತ 3 ರೂಪಾಯಿ 50 ಪೈಸೆ ಎಂದರೆ ಕಿ.ಮೀ.ಗೆ 12 ರೂಪಾಯಿ 59 ಪೈಸೆ. ‘ಕ’ ಅವರ ಕಾರಿಗಿಂತ ದಿನಕ್ಕೆ 160 ರೂಪಾಯಿ ಹೆಚ್ಚು. ತಿಂಗಳಿಗೆ ಐದು ಸರದಿಯಲ್ಲಿ 800. ದೊಡ್ಡ ಕಾರು ಇಟ್ಟುಕೊಂಡದ್ದು ಅವರ ಇಷ್ಟ, ಆ ವ್ಯತ್ಯಾಸ ಅವರದೇ ಎಂದು ಮೊದಲೇ ಮಾತಾಡಿಕೊಂಡರೆ ಸರಿಹೋಗುತ್ತದೆ.

ಸರದಿಯಲ್ಲಿ ನಿಜವಾದ ತೊಡಕು ಹಾಜರಿಯದು. ‘ಸೋಮವಾರ ನೀವು, ಮಂಗಳವಾರ ನಾನು’ ಎಂಬ ಪಟ್ಟಿ ಯಾರೋ ಒಬ್ಬರು ರಜೆ ಹಾಕಿದ ದಿನವೇ ಕೆಡುತ್ತದೆ. ಮೂವರನ್ನು ಕರೆದೊಯ್ದ ದಿನಕ್ಕೂ ಒಬ್ಬರನ್ನು ಕರೆದೊಯ್ದ ದಿನಕ್ಕೂ ಒಂದೇ ಬೆಲೆ ಕಟ್ಟಿದರೆ ನ್ಯಾಯವಾಗುವುದಿಲ್ಲ. ಐಬಿಎಂನ ರೊನಾಲ್ಡ್ ಫೇಗಿನ್ ಮತ್ತು ಜಾನ್ ವಿಲಿಯಮ್ಸ್ 1983ರಲ್ಲಿ ಇದಕ್ಕೊಂದು ಚೊಕ್ಕ ದಾರಿ ಬರೆದರು. ಆ ದಿನ ಎಷ್ಟು ಜನ ಬಂದರೋ ಅಷ್ಟೂ ಜನ ಆ ದಿನದ ಓಡಿಸುವ ಕೆಲಸಕ್ಕೆ ಸಮಾನ ಸಾಲಗಾರರು, ಓಡಿಸಿದವರಿಗೆ ಆ ಸಾಲ ಜಮೆ. ಭಿನ್ನರಾಶಿ ಬರಬಾರದೆಂದು, ನಾಲ್ವರ ಗುಂಪಿನಲ್ಲಿ ಒಂದು ದಿನಕ್ಕೆ 12 ಅಂಕ ಇಡಬೇಕು, ಏಕೆಂದರೆ 12 ಎಂಬುದು 2, 3, 4 ಮೂರರಿಂದಲೂ ಶೇಷವಿಲ್ಲದೆ ಭಾಗವಾಗುತ್ತದೆ.

ನಾಲ್ವರೂ ಬಂದ ದಿನ ಪ್ರತಿ ಪ್ರಯಾಣಿಕರಿಗೆ 3 ಅಂಕ ಕಳೆ, ಓಡಿಸಿದವರಿಗೆ 9 ಕೂಡು. ಮೂವರಾದರೆ 4 ಕಳೆ, 8 ಕೂಡು. ಇಬ್ಬರಾದರೆ 6 ಕಳೆ, 6 ಕೂಡು. ಮರುದಿನ ಬರುವವರಲ್ಲಿ ಯಾರ ಅಂಕ ಎಲ್ಲಕ್ಕಿಂತ ಕೆಳಗಿದೆಯೋ ಅವರ ಕಾರು. ನಾಲ್ಕು ದಿನ ನಡೆಸಿ ನೋಡಿ:

| ದಿನ | ಬಂದವರು | ಓಡಿಸಿದವರು | ಕ | ಖ | ಗ | ಘ |
|---|---|---|---|---|---|---|
| 1 | ನಾಲ್ವರೂ | ಕ | 9 | -3 | -3 | -3 |
| 2 | ಕ, ಖ, ಗ | ಖ | 5 | 5 | -7 | -3 |
| 3 | ಕ, ಘ | ಘ | -1 | 5 | -7 | 3 |
| 4 | ನಾಲ್ವರೂ | ಗ | -4 | 2 | 2 | 0 |

ಪ್ರತಿ ಸಾಲಿನ ನಾಲ್ಕೂ ಅಂಕ ಕೂಡಿಸಿದರೆ ಸೊನ್ನೆ ಬರಬೇಕು. ಬರಲಿಲ್ಲವೆಂದರೆ ಆ ದಿನ ಬರೆಯುವಾಗ ತಪ್ಪಾಗಿದೆ. ಯಾರಾದರೂ ಗುಂಪು ಬಿಡುವಾಗ ಅವರ ಅಂಕ -12 ಇದ್ದರೆ ಅವರು ಒಂದು ಪೂರ್ತಿ ದಿನದ ಖರ್ಚನ್ನು ಬಾಕಿ ಇಟ್ಟಿದ್ದಾರೆ ಎಂದರ್ಥ, ಅದನ್ನು ಹಣದಲ್ಲಿ ತೀರಿಸಬಹುದು.

ಮೊದಲೇ ಬರೆದಿಡಬೇಕಾದ ನಾಲ್ಕು ಮಾತು

ಯಾವ ದಾರಿ ಹಿಡಿದರೂ ಸವೆತದ ದರವನ್ನು ವರ್ಷಕ್ಕೊಮ್ಮೆ ಮಾತ್ರ ಬದಲಿಸಿ. ಸವೆತದ ಹಣ ಕೊಟ್ಟ ಮೇಲೆ ಟೈರು ಹೋಯಿತು, ಕ್ಲಚ್ ಹೋಯಿತು ಎಂದು ಕಾರಿನವರು ಮತ್ತೆ ಕೇಳುವಂತಿಲ್ಲ. ಆ ಹಣವನ್ನು ಅವರು ಬೇರೆ ಖಾತೆಯಲ್ಲಿ ಇಟ್ಟುಕೊಂಡರೆ ಟೈರಿನ ದಿನ ಕೈಗೆ ಸಿಗುತ್ತದೆ. ಇಲ್ಲದಿದ್ದರೆ ಪೆಟ್ರೋಲ್ ಹಣದ ಜೊತೆ ಸೇರಿ ಕರಗಿಹೋಗುತ್ತದೆ.

ಸಂಚಾರ ದಂಡ ಓಡಿಸಿದವರದು. ಪೂಲಿನ ಹೊತ್ತಲ್ಲಿ ಆದ ಪಂಕ್ಚರ್ ಎಲ್ಲರದು. ಅಪಘಾತವಾದರೆ ವಿಮೆ ಭರಿಸದೆ ಉಳಿಯುವ ಮೊತ್ತ ಯಾರದೆಂದು ಈಗಲೇ ತೀರ್ಮಾನಿಸಿ, ಆ ದಿನ ಯಾರಿಗೂ ಸಮಾಧಾನ ಇರುವುದಿಲ್ಲ.

ಗುಂಪು ಬಿಡುವವರು ಒಂದು ತಿಂಗಳು ಮೊದಲೇ ಹೇಳಬೇಕು, ಹೇಳದಿದ್ದರೆ ಆ ತಿಂಗಳ ಪಾಸಿನ ಪಾಲು, ನಮ್ಮ ಲೆಕ್ಕದಲ್ಲಿ 875, ಅವರು ಕೊಟ್ಟು ಹೋಗಬೇಕು. ನಾಲ್ಕರಿಂದ ಮೂವರಾದರೆ ಸಮಪಾಲು 4,148ರಿಂದ 5,530ಕ್ಕೆ ಏರುತ್ತದೆ. ಅದಕ್ಕೆ ತಯಾರಾಗಲು ಉಳಿದವರಿಗೆ ಅಷ್ಟು ಸಮಯ ಬೇಕು.

ಕೊನೆಯದು ವಿಮೆಯ ವಿಷಯ. ವಸೂಲಾಗುವ ಒಟ್ಟು ಹಣ ನಿಜ ಖರ್ಚನ್ನು ಮೀರಬಾರದು. ಲಾಭ ಉಳಿಯಿತೆಂದರೆ ಖಾಸಗಿ ಕಾರನ್ನು ಬಾಡಿಗೆಗೆ ಓಡಿಸಿದಂತೆ ಎಂದು ಅನೇಕ ಕಡೆ ಪರಿಗಣಿಸುತ್ತಾರೆ, ಆಗ ವಿಮೆಯ ಹಕ್ಕು ತಿರಸ್ಕಾರವಾಗಬಹುದು. ಖರ್ಚು ಹಂಚಿಕೊಂಡು ಸಹೋದ್ಯೋಗಿಗಳನ್ನು ಕರೆದೊಯ್ಯುವುದಕ್ಕೆ ತಮ್ಮ ಪಾಲಿಸಿ ಅಡ್ಡಿಯಿಲ್ಲವೇ ಎಂದು ವಿಮೆ ಕಂಪನಿಯಿಂದ ಕಾರಿನವರು ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಬೇಕು. ಮೈಲೇಜಿನ ಅಳತೆ, ಪಾಸಿನ ರಸೀದಿ, ಸವೆತದ ಪಟ್ಟಿ, ಟ್ರಿಪ್ಪಿನ ಹಾಜರಿ ಇವಿಷ್ಟೂ ಒಂದೇ ಹಾಳೆಯಲ್ಲಿದ್ದರೆ, ಹಣ ಪಡೆದದ್ದು ಖರ್ಚಿಗಷ್ಟೇ ಎಂದು ತೋರಿಸಲು ಅದೇ ಹಾಳೆ ಕೈಯಲ್ಲಿರುತ್ತದೆ.